ಹೊಸ ಪ್ರಾಜೆಕ್ಟ್‌ನ ಕಿಕಾಫ್ ಇಮೇಲ್: ಗುರಿ, ಹೊಣೆ, ಮೈಲಿಗಲ್ಲು ಮತ್ತು ಮೊದಲ ಮೀಟಿಂಗ್‌ನ ಅಜೆಂಡಾ ಬರೆಯುವ ಕ್ರಮ

ಕಿಕಾಫ್ ಇಮೇಲ್ ಹೋದ ಅರ್ಧ ಗಂಟೆಗೆ "ಈ ಕೆಲಸಕ್ಕೆ ನನ್ನ ಹೆಸರು ಸೇರಿಸಿದ್ದು ಯಾರು?" ಎಂಬ ಉತ್ತರ ಬಂತೆಂದರೆ, ಇಮೇಲ್ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅದು ಸೋತಂತೆ. ಆ ಉತ್ತರ ಎಲ್ಲರಿಗೂ ಹೋಗಿರುತ್ತದೆ, ಎಲ್ಲರೂ ಅದನ್ನು ಓದಿರುತ್ತಾರೆ, ಮೊದಲ ಮೀಟಿಂಗ್ ಆ ಒಬ್ಬರನ್ನು ಸಮಾಧಾನ ಮಾಡುವುದರಲ್ಲೇ ಮುಗಿಯುತ್ತದೆ. ಇಂಥ ಎಡವಟ್ಟು ಆಗುವುದು ಕಿಕಾಫ್ ಇಮೇಲನ್ನು ಸುದ್ದಿ ತಿಳಿಸುವ ಪತ್ರ ಎಂದುಕೊಂಡಾಗ. ಅಲ್ಲಿ ಬರೆಯಬೇಕಾದದ್ದು ಆಗಲೇ ಬಾಯಿಮಾತಿನಲ್ಲಿ ಒಪ್ಪಿಗೆಯಾದ ಸಂಗತಿಗಳನ್ನು. ಹಾಗಾಗಿ ಈ ಮಾರ್ಗದರ್ಶಿ ಇಮೇಲ್‌ನ ಮೊದಲ ಸಾಲಿಗೂ ಮುಂಚಿನಿಂದ ಶುರುವಾಗುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 240 ಮಂದಿ ಕೆಲಸ ಮಾಡುವ ಒಂದು ಸಂಸ್ಥೆ. ರಜೆ ಬೇಕಾದವರು ಕಾಗದದ ಫಾರಂ ತುಂಬುತ್ತಾರೆ, ಮೇಲಿನವರು ಸಹಿ ಮಾಡುತ್ತಾರೆ, ಸಿಬ್ಬಂದಿ ವಿಭಾಗ ಅದನ್ನು ಎಕ್ಸೆಲ್ ಹಾಳೆಗೆ ಏರಿಸುತ್ತದೆ, ತಿಂಗಳ ಕೊನೆಗೆ ಲೆಕ್ಕಪತ್ರ ವಿಭಾಗ ಆ ಹಾಳೆ ನೋಡಿ ಸಂಬಳ ಮಾಡುತ್ತದೆ. ಇದನ್ನು ಆನ್‌ಲೈನ್ ವ್ಯವಸ್ಥೆಗೆ ತರುವುದು ಪ್ರಾಜೆಕ್ಟ್. ಇದರಲ್ಲಿ ಬರುವ ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ಆದರೆ ಅವು ಒಂದಕ್ಕೊಂದು ಹೇಗೆ ತಾಳೆಯಾಗಬೇಕು ಎಂಬುದನ್ನು ಗಮನಿಸಿ.

ಬರೆಯುವ ಮೊದಲು: ಯಾರ ಜೊತೆ ಏನು ಮಾತಾಡಬೇಕು

ಇಮೇಲ್‌ನಲ್ಲಿ ಹೆಸರು ಬರಲಿರುವ ಪ್ರತಿಯೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ. ಫೋನಾದರೂ ಸರಿ, ಎದುರು ಕೂತಾದರೂ ಸರಿ. ಮೊದಲು ಪ್ರಾಯೋಜಕರು, ಅಂದರೆ ಈ ಕೆಲಸ ಬೇಕೆಂದವರು ಮತ್ತು ಇದಕ್ಕೆ ಹಣ, ಜನ ಕೊಡುವ ಅಧಿಕಾರ ಇರುವವರು. ಅವರಿಂದ ಮೂರು ವಿಷಯ ಖಚಿತವಾಗಬೇಕು: ಕೆಲಸ ಆಯಿತೆಂದು ಅವರು ಯಾವುದನ್ನು ನೋಡಿ ಹೇಳುತ್ತಾರೆ, ಯಾವುದು ಈ ಪ್ರಾಜೆಕ್ಟ್‌ನೊಳಗೆ ಬರುವುದಿಲ್ಲ, ಇಬ್ಬರು ವಿಭಾಗ ಮುಖ್ಯಸ್ಥರಿಗೆ ಒಮ್ಮತ ಆಗದಿದ್ದರೆ ಕೊನೆಯ ಮಾತು ಯಾರದು.

ಆಮೇಲೆ ಕೆಲಸ ಮಾಡುವವರು, ಅವರ ಜೊತೆಗೆ ಅವರ ಮೇಲಧಿಕಾರಿಗಳು. ಈ ಎರಡನೆಯವರನ್ನು ಮರೆಯುವುದೇ ಹೆಚ್ಚು. ಸಿಬ್ಬಂದಿ ವಿಭಾಗದ ಅಧಿಕಾರಿ "ಆಗಲಿ, ಮಾಡುತ್ತೇನೆ" ಎಂದಿರುತ್ತಾರೆ; ಅವರ ದಿನದ ಅರ್ಧ ಹೊತ್ತು ಮೂರು ವಾರ ಇದಕ್ಕೆ ಹೋಗುತ್ತದೆಂದು ಅವರ ಮೇಲಧಿಕಾರಿಗೆ ಗೊತ್ತಿರುವುದಿಲ್ಲ. ಎರಡನೇ ವಾರ ಅವರನ್ನು ಬೇರೆ ಕೆಲಸಕ್ಕೆ ಎಳೆದುಕೊಂಡಾಗ ನಿಮ್ಮ ದಿನಾಂಕ ಜಾರುತ್ತದೆ.

ಆದ್ದರಿಂದ ಈ ಮಾತುಕತೆಗೆ ಹೋಗುವಾಗ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಹೇಳಿ. ನಮ್ಮ ಉದಾಹರಣೆಯಲ್ಲಿ 240 ಮಂದಿಯ ಉಳಿದ ರಜೆಯನ್ನು ಹಳೆಯ ಹಾಳೆಯ ಜೊತೆ ತಾಳೆ ನೋಡಬೇಕು. ಒಬ್ಬರಿಗೆ 10 ನಿಮಿಷ ಹಿಡಿದರೆ ಒಟ್ಟು 40 ಗಂಟೆ. ದಿನಕ್ಕೆ 4 ಗಂಟೆ ಸಿಕ್ಕರೆ 10 ಕೆಲಸದ ದಿನ. "ಸ್ವಲ್ಪ ಸಹಾಯ ಬೇಕಾಗುತ್ತದೆ" ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಆ ಒಪ್ಪಿಗೆಗೆ ತೂಕವೂ ಇರುವುದಿಲ್ಲ. "10 ದಿನ, ದಿನಕ್ಕೆ 4 ಗಂಟೆ" ಎಂದು ಕೇಳಿದಾಗ ಸಿಗುವುದೇ ನಿಜವಾದ ಒಪ್ಪಿಗೆ ಅಥವಾ ನಿಜವಾದ ತಕರಾರು. ಎರಡೂ ಈಗಲೇ ಸಿಗಬೇಕು.

ಯಾರ ಹೆಸರಿನಿಂದ ಇಮೇಲ್ ಹೋಗಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ತಂಡದವರೆಲ್ಲ ಪ್ರಾಜೆಕ್ಟ್ ಮ್ಯಾನೇಜರ್‌ ಕೈಕೆಳಗಿದ್ದರೆ ಅವರೇ ಕಳಿಸಬಹುದು. ನಮ್ಮ ಉದಾಹರಣೆಯಂತೆ ನಾಲ್ಕು ವಿಭಾಗದವರು ಸೇರಿದ್ದರೆ, ಒಂದು ದಿನ ಮೊದಲು ಪ್ರಾಯೋಜಕರಿಂದ ಎರಡು ಮೂರು ಸಾಲಿನ ಒಂದು ಇಮೇಲ್ ಹೋಗಲಿ: ಈ ಪ್ರಾಜೆಕ್ಟ್ ಶುರುವಾಗುತ್ತಿದೆ, ಇಂಥವರು ನಡೆಸುತ್ತಾರೆ, ವಿವರ ನಾಳೆ ಬರುತ್ತದೆ ಎಂದು. ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ಏಳುವುದಿಲ್ಲ. ಅಂದಹಾಗೆ, ಪ್ರಾಜೆಕ್ಟ್‌ಗೆ ವಿಧಿವತ್ತಾಗಿ ಒಪ್ಪಿಗೆ ಕೊಟ್ಟು, ಮ್ಯಾನೇಜರ್‌ಗೆ ಸಂಪನ್ಮೂಲ ಬಳಸುವ ಅಧಿಕಾರ ಕೊಡುವ ದಾಖಲೆಗೆ ಪ್ರಾಜೆಕ್ಟ್ ಚಾರ್ಟರ್ ಎನ್ನುತ್ತಾರೆ. ಕಿಕಾಫ್ ಇಮೇಲ್ ಅದರ ಜಾಗ ತುಂಬುವುದಿಲ್ಲ. ಚಾರ್ಟರ್ ಇದ್ದರೆ ಅದರ ಲಿಂಕ್ ಕೊಡಿ, ಅದನ್ನೇ ಮತ್ತೆ ಬರೆಯಬೇಡಿ.

ಗುರಿ ಬರೆಯುವುದು

ನಾಲ್ಕು ಭಾಗಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಸಾಮಾನ್ಯವಾಗಿ ಮೊದಲ ಕರಡು ಹೀಗಿರುತ್ತದೆ: "ರಜೆ ಅರ್ಜಿಗಳ ನಿರ್ವಹಣೆಯನ್ನು ಸುಗಮ ಮತ್ತು ಪಾರದರ್ಶಕಗೊಳಿಸುವುದು." ಇದನ್ನು ಯಾರೂ ಅಲ್ಲಗಳೆಯಲಾರರು, ಅದೇ ಇದರ ತೊಂದರೆ. ಆರು ತಿಂಗಳ ನಂತರ ಇದು ಆಯಿತೋ ಇಲ್ಲವೋ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ.

ಎರಡನೇ ಕರಡು ಹೀಗೆ ಆಗುತ್ತದೆ: "ಆನ್‌ಲೈನ್ ರಜೆ ವ್ಯವಸ್ಥೆ ಅಳವಡಿಸುವುದು." ಇದನ್ನು ಪರಿಶೀಲಿಸಬಹುದು, ಆದರೆ ಇದು ಕೆಲಸದ ಹೆಸರು, ಗುರಿಯಲ್ಲ. ವ್ಯವಸ್ಥೆ ಬಂದ ಮೇಲೂ ಅರ್ಜಿ ಒಂದು ವಾರ ಹಾಗೇ ಬಿದ್ದಿರಬಹುದು.

ಗುರಿಯ ಸಾಲಿನಲ್ಲಿ ಮೂರು ಅಂಶ ಇರಲಿ: ಈಗ ಎಷ್ಟಿದೆ, ಎಷ್ಟಾಗಬೇಕು, ಯಾವ ಅವಧಿಯ ಲೆಕ್ಕ ನೋಡಿ ತೀರ್ಮಾನಿಸುತ್ತೇವೆ. ಈಗಿನ ಲೆಕ್ಕ ತೆಗೆಯಲು ದೊಡ್ಡ ಅಧ್ಯಯನ ಬೇಕಿಲ್ಲ. ಹಳೆಯ ಫಾರಂಗಳ ಮೇಲೆ ಅರ್ಜಿ ಕೊಟ್ಟ ದಿನ, ಸಹಿಯಾದ ದಿನ ಇದ್ದೇ ಇರುತ್ತವೆ. ಮಾರ್ಚ್, ಏಪ್ರಿಲ್ ಎರಡು ತಿಂಗಳಲ್ಲಿ 310 ಅರ್ಜಿ ಬಂದಿದ್ದು, ಅವುಗಳಲ್ಲಿ 124ಕ್ಕೆ ಮಾತ್ರ 2 ಕೆಲಸದ ದಿನದೊಳಗೆ ಉತ್ತರ ಸಿಕ್ಕಿದೆ ಎನ್ನೋಣ. ಅಂದರೆ 10ರಲ್ಲಿ 4. ಗುರಿ ಹೀಗಾಗುತ್ತದೆ: "ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬರುವ ಅರ್ಜಿಗಳಲ್ಲಿ 10ರಲ್ಲಿ 9ಕ್ಕೆ 2 ಕೆಲಸದ ದಿನದೊಳಗೆ ಉತ್ತರ ಸಿಗಬೇಕು. ಈಗ ಸಿಗುತ್ತಿರುವುದು 10ರಲ್ಲಿ 4ಕ್ಕೆ."

ಇಲ್ಲಿ "ಸರಾಸರಿ 2 ದಿನ" ಎಂದು ಬರೆಯದಿರುವುದಕ್ಕೆ ಕಾರಣವಿದೆ. ಅರ್ಧದಷ್ಟು ಅರ್ಜಿಗಳಿಗೆ ಅದೇ ದಿನ ಸಹಿ ಬಿದ್ದರೆ, ಉಳಿದವು ನಾಲ್ಕು ದಿನ ಕಾದಿದ್ದರೂ ಸರಾಸರಿ ಎರಡರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾಯುತ್ತಿರುವವರ ಕಷ್ಟ ಸರಾಸರಿಯಲ್ಲಿ ಕಾಣುವುದಿಲ್ಲ.

ಗುರಿಗಳು ಎರಡಿರಲಿ, ಹೆಚ್ಚೆಂದರೆ ಮೂರು. ನಮ್ಮ ಉದಾಹರಣೆಯ ಎರಡನೆಯದು ಸಂಬಳಕ್ಕೆ ಸಂಬಂಧಿಸಿದ್ದು: ರಜೆ ಲೆಕ್ಕ ತಪ್ಪಿದ ಕಾರಣಕ್ಕೆ ಸಂಬಳದಲ್ಲಿ ಮಾಡುವ ತಿದ್ದುಪಡಿ ತಿಂಗಳಿಗೆ 14 ಇದ್ದದ್ದು 3ಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿಯಬೇಕು.

ಗುರಿಗಳ ಕೆಳಗೇ ಒಂದು ಸಾಲು: "ಈ ಪ್ರಾಜೆಕ್ಟ್‌ನಲ್ಲಿ ಇಲ್ಲದ್ದು." ರಜೆಯ ನಿಯಮ ಬದಲಾಯಿಸುವುದು, ಹಾಜರಾತಿ ಯಂತ್ರ ಜೋಡಿಸುವುದು, ಸಂಬಳದ ತಂತ್ರಾಂಶ ಬದಲಾಯಿಸುವುದು ಈಗ ಇಲ್ಲ. ಈ ಸಾಲನ್ನು ಬರೆಯಲು ಹಿಂಜರಿಕೆಯಾಗುವುದು ಸಹಜ, ಯಾರಿಗೋ ಬೇಸರವಾದೀತೆಂದು. ಆದರೆ ಬರೆಯದಿದ್ದರೆ ಮೂರನೇ ವಾರ "ಹೇಗೂ ಮಾಡುತ್ತಿದ್ದೀರಿ, ಹಾಜರಾತಿಯನ್ನೂ ಸೇರಿಸಿಬಿಡಿ" ಎಂಬ ಮಾತು ಬಂದೇ ಬರುತ್ತದೆ. ಆಗ ಇಲ್ಲ ಅನ್ನುವುದು ಇನ್ನೂ ಕಷ್ಟ.

ಹೊಣೆಗಳನ್ನು ಬರೆಯುವುದು

ಪ್ರಾಜೆಕ್ಟ್ ನಡೆಸುವವರಲ್ಲಿ RACI ಕೋಷ್ಟಕ ಎಂಬುದು ಬಳಕೆಯಲ್ಲಿದೆ. ಪ್ರತಿ ಕೆಲಸದ ಎದುರು ಯಾರು ಮಾಡುತ್ತಾರೆ, ಅಂತಿಮ ಹೊಣೆ ಯಾರದು, ಯಾರ ಸಲಹೆ ಕೇಳಬೇಕು, ಯಾರಿಗೆ ತಿಳಿಸಿದರೆ ಸಾಕು ಎಂದು ನಾಲ್ಕು ಬಗೆಯಲ್ಲಿ ಗುರುತಿಸುವ ಪಟ್ಟಿ ಅದು. ಯೋಜನೆ ಹಾಕಲು ಅದು ಒಳ್ಳೆಯದು. ಇಮೇಲ್‌ಗೆ ಅದನ್ನು ಅಂಟಿಸಬೇಡಿ. ಹನ್ನೆರಡು ಸಾಲು, ಏಳು ಕಾಲಂ ಇರುವ ಪಟ್ಟಿ ಫೋನಿನ ಪರದೆಯಲ್ಲಿ ಚದುರಿ ಹೋಗುತ್ತದೆ, ತನ್ನ ಅಂಕಣ ಎಲ್ಲಿದೆ ಎಂದು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಇಮೇಲ್‌ನಲ್ಲಿ ಒಬ್ಬರಿಗೆ ಒಂದು ಸಾಲು ಸಾಕು. ಆ ಸಾಲಿನಲ್ಲಿ ಹೆಸರು, ಅವರು ಕೊಡಬೇಕಾದದ್ದು, ಅವರೊಬ್ಬರೇ ತೀರ್ಮಾನಿಸಬಹುದಾದದ್ದು ಇರಲಿ. ಮೂರನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ. "ಲೆಕ್ಕಪತ್ರ ವಿಭಾಗ: ಸಹಕಾರ" ಎಂದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. "ಲೆಕ್ಕಪತ್ರ ಅಧಿಕಾರಿ: ಪ್ರತಿಯೊಬ್ಬರ ಉಳಿದ ರಜೆ ಸಂಬಳದ ಲೆಕ್ಕಕ್ಕೆ ತಾಳೆಯಾಗಿದೆ ಎಂದು ಒಪ್ಪುವುದು ಇವರು, ಇವರು ಒಪ್ಪದ ಅಂಕಿ ಹೊಸ ವ್ಯವಸ್ಥೆಗೆ ಹೋಗುವುದಿಲ್ಲ" ಎಂದರೆ ಅವರ ಜಾಗವೂ ಅಧಿಕಾರವೂ ಒಟ್ಟಿಗೆ ತಿಳಿಯುತ್ತವೆ.

ಅಂತಿಮ ಹೊಣೆಯ ಜಾಗದಲ್ಲಿ ಒಂದೇ ಹೆಸರಿರಬೇಕು. "ಸಿಬ್ಬಂದಿ ವಿಭಾಗ ಮತ್ತು ಐಟಿ ವಿಭಾಗ ಜಂಟಿಯಾಗಿ" ಎಂದು ಬರೆದ ಕೆಲಸ ಇಬ್ಬರ ನಡುವೆ ಬಿದ್ದು ಹೋಗುತ್ತದೆ. ಇಬ್ಬರು ಸೇರಿ ಮಾಡುವ ಕೆಲಸವೇ ಆಗಿದ್ದರೆ ಅದನ್ನು ಎರಡಾಗಿ ಒಡೆಯಿರಿ: ಅಂಕಿ ಶುದ್ಧ ಮಾಡಿ ಕೊಡುವುದು ಸಿಬ್ಬಂದಿ ಅಧಿಕಾರಿ, ಅದನ್ನು ವ್ಯವಸ್ಥೆಗೆ ತುಂಬುವುದು ಐಟಿ ಇಂಜಿನಿಯರ್. ಹಾಗೆಯೇ ವಿಭಾಗದ ಹೆಸರನ್ನಷ್ಟೇ ಬರೆದು ಬಿಡಬೇಡಿ. ಈ ಬರಹದಲ್ಲಿ ನಾವು ಹುದ್ದೆಗಳನ್ನು ಮಾತ್ರ ಬಳಸಿದ್ದೇವೆ. ನಿಮ್ಮ ಇಮೇಲ್‌ನಲ್ಲಿ ಹುದ್ದೆಯ ಪಕ್ಕ ವ್ಯಕ್ತಿಯ ಹೆಸರು ಇರಲೇಬೇಕು.

ಮೈಲಿಗಲ್ಲುಗಳು: ಕೊನೆಯ ದಿನದಿಂದ ಹಿಂದಕ್ಕೆ

ಮೈಲಿಗಲ್ಲು ಎಂದರೆ ಒಂದು ದಿನ ಆಗಿದೆ ಅಥವಾ ಆಗಿಲ್ಲ ಎಂದು ಹೇಳಬಹುದಾದ ಘಟನೆ. "ಅಂಕಿ ಶುದ್ಧೀಕರಣ, ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ" ಎಂಬುದು ಚಟುವಟಿಕೆ. "ಜುಲೈ 10: 240 ಮಂದಿಯ ಉಳಿದ ರಜೆಗೆ ಲೆಕ್ಕಪತ್ರ ಅಧಿಕಾರಿಯ ಒಪ್ಪಿಗೆ" ಎಂಬುದು ಮೈಲಿಗಲ್ಲು. ಸಾಲು ಸರಿಯಿದೆಯೇ ಎಂದು ನೋಡಲು ಸುಲಭ ಉಪಾಯ: ಆ ದಿನ ಸಂಜೆ ಯಾರಾದರೂ "ಆಯಿತಾ?" ಎಂದು ಕೇಳಿದರೆ "ಹೆಚ್ಚು ಕಡಿಮೆ ಆಗಿದೆ" ಎಂದು ಉತ್ತರಿಸಲು ಜಾಗ ಉಳಿಯಬಾರದು.

ದಿನಾಂಕಗಳನ್ನು ಮೊದಲಿನಿಂದ ಮುಂದಕ್ಕೆ ಎಣಿಸುತ್ತಾ ಹೋದರೆ ಕೊನೆಯ ದಿನ ಎಲ್ಲೋ ಹೋಗಿ ಬೀಳುತ್ತದೆ. ಕದಲಿಸಲಾಗದ ದಿನವನ್ನು ಮೊದಲು ಹಿಡಿಯಿರಿ. ರಜೆ ವ್ಯವಸ್ಥೆ ತಿಂಗಳ ನಡುವೆ ಬದಲಾದರೆ ಒಂದೇ ತಿಂಗಳ ಸಂಬಳಕ್ಕೆ ಅರ್ಧ ಲೆಕ್ಕ ಹಳೆಯ ಹಾಳೆಯಲ್ಲಿ, ಅರ್ಧ ಹೊಸದರಲ್ಲಿ ನೋಡಬೇಕಾಗುತ್ತದೆ. ಆದ್ದರಿಂದ ಅದು ತಿಂಗಳ ಮೊದಲ ದಿನವೇ ಶುರುವಾಗಬೇಕು. 2026ರ ಸೆಪ್ಟೆಂಬರ್ 1 ಎಂದಿಟ್ಟುಕೊಳ್ಳೋಣ.

ಅಲ್ಲಿಂದ ಹಿಂದಕ್ಕೆ ಬನ್ನಿ. ಎಲ್ಲರಿಗೂ ತಿಳಿಸಿ, ತರಬೇತಿ ಕೊಡಲು ಎರಡು ವಾರ ಬೇಕು. ಹಾಗಾದರೆ ಶುರು ಮಾಡಬಹುದು ಎಂಬ ತೀರ್ಮಾನ ಆಗಸ್ಟ್ 14ಕ್ಕೆ ಆಗಬೇಕು. ಅದಕ್ಕೂ ಮೊದಲು ಪ್ರಯೋಗದಲ್ಲಿ ಕಂಡ ದೋಷಗಳನ್ನು ಸರಿಪಡಿಸಲು ಒಂದು ವಾರ; ಎರಡು ವಾರದ ಪ್ರಯೋಗ ಆಗಸ್ಟ್ 7ಕ್ಕೆ ಮುಗಿಯಬೇಕು, ಅಂದರೆ ಜುಲೈ 27ಕ್ಕೆ ಶುರುವಾಗಬೇಕು. ಅಂಕಿಗಳನ್ನು ವ್ಯವಸ್ಥೆಗೆ ತುಂಬಲು 5 ಕೆಲಸದ ದಿನ, ಜೊತೆಗೆ 5 ದಿನ ಕೈಯಲ್ಲಿ ಉಳಿಕೆ. ಶುದ್ಧ ಅಂಕಿ ಜುಲೈ 10ಕ್ಕೆ ಸಿಗಬೇಕು. ತಾಳೆ ನೋಡುವುದು 10 ದಿನದ ಕೆಲಸ, ಎದುರಾಗುವ ಗೊಂದಲ ಬಿಡಿಸಲು ಇನ್ನು 5 ದಿನ ಸೇರಿಸಿದರೆ ಜೂನ್ 22ಕ್ಕೆ ಶುರು. ಯಾವ ರಜೆಗೆ ಯಾವ ನಿಯಮ ಎಂಬ ಪಟ್ಟಿ ಇಲ್ಲದೆ ತಾಳೆ ನೋಡಲಾಗದು. ಅದಕ್ಕೆ ಜೂನ್ 19ರಂದು ಒಪ್ಪಿಗೆ ಬೇಕು. ಹೀಗೆ ಎಣಿಸಿದಾಗ ಮೊದಲ ಮೀಟಿಂಗ್ ಜೂನ್ ಎರಡನೇ ವಾರಕ್ಕೆ ಬಂತು. ಒಂದು ವೇಳೆ ಎಣಿಕೆ ಮೇ ತಿಂಗಳಿಗೆ ಹೋಗಿದ್ದರೆ, ಸೆಪ್ಟೆಂಬರ್ 1 ಸಾಧ್ಯವಿಲ್ಲ ಎಂದು ಪ್ರಾಯೋಜಕರಿಗೆ ಹೇಳಬೇಕಾದ ಹೊತ್ತು ಇದೇ, ಇಮೇಲ್ ಕಳಿಸುವ ಮೊದಲು.

ಉಳಿಕೆ ದಿನಗಳನ್ನು ಬಚ್ಚಿಡಬೇಡಿ. ಎಲ್ಲಿ ಎಷ್ಟು ಇದೆ ಎಂದು ತಂಡಕ್ಕೆ ಗೊತ್ತಿದ್ದರೆ, ದಿನಾಂಕ ಒಂದು ದಿನ ಜಾರಿದಾಗ ಗಾಬರಿಯೂ ಆಗುವುದಿಲ್ಲ, ಉದಾಸೀನವೂ ಬರುವುದಿಲ್ಲ.

ಪ್ರಯೋಗ ಮುಗಿಯಿತು ಎನ್ನಲು ಏನು ಬೇಕು ಎಂಬುದನ್ನು ಲೆಕ್ಕ ಹಾಕಿಯೇ ಬರೆಯಿರಿ. 240 ಮಂದಿಯಿಂದ ಎರಡು ತಿಂಗಳಲ್ಲಿ 310 ಅರ್ಜಿ ಬರುತ್ತದೆ ಎಂದರೆ, 30 ಮಂದಿಯ ವಿಭಾಗದಿಂದ ಎರಡು ವಾರದಲ್ಲಿ ಬರುವುದು ಸುಮಾರು 10. ಅಷ್ಟರಲ್ಲಿ ತಿರಸ್ಕರಿಸಿದ ಅರ್ಜಿ, ಒಪ್ಪಿಗೆಯಾದ ಮೇಲೆ ರದ್ದು ಮಾಡಿದ ಅರ್ಜಿ, ಅರ್ಧ ದಿನದ ರಜೆ ಇವೆಲ್ಲ ಬಾರದೇ ಹೋಗಬಹುದು. ಪರೀಕ್ಷೆಗೆಂದೇ ಇನ್ನೂ 6 ಅರ್ಜಿ ಹಾಕಬೇಕೆಂದು ಮೈಲಿಗಲ್ಲಿನಲ್ಲೇ ಹೇಳಿಬಿಡಿ. ಇಲ್ಲವಾದರೆ ಪ್ರಯೋಗ ಚೆನ್ನಾಗಿ ಆಯಿತೆಂದು ಮುಗಿಸಿ, ರದ್ದು ಮಾಡಿದ ರಜೆ ಮರಳಿ ಖಾತೆಗೆ ಜಮೆಯಾಗುವುದಿಲ್ಲ ಎಂಬುದು ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತದೆ.

ಇಮೇಲ್‌ನಲ್ಲಿ ಐದಾರು ಮೈಲಿಗಲ್ಲು ಸಾಕು. ಉಳಿದ ವಿವರ ಯೋಜನೆಯ ಹಾಳೆಯಲ್ಲಿರಲಿ.

ಮೊದಲ ಮೀಟಿಂಗ್‌ನ ಅಜೆಂಡಾ

"1. ಪರಿಚಯ 2. ಪ್ರಾಜೆಕ್ಟ್ ವಿವರಣೆ 3. ಚರ್ಚೆ 4. ಇತರೆ" ಎಂಬ ಅಜೆಂಡಾ ಯಾವ ಮೀಟಿಂಗ್‌ಗೂ ಹೊಂದುತ್ತದೆ, ಹಾಗಾಗಿ ಯಾರೂ ಏನನ್ನೂ ಸಿದ್ಧ ಮಾಡಿಕೊಂಡು ಬರುವುದಿಲ್ಲ. ಪರಿಚಯವೂ ವಿವರಣೆಯೂ ಇಮೇಲ್‌ನಲ್ಲೇ ಆಗಿಹೋಗಿವೆ. ಮೀಟಿಂಗ್‌ನ ಹೊತ್ತನ್ನು, ಎಲ್ಲರೂ ಒಂದೆಡೆ ಇದ್ದರೆ ಮಾತ್ರ ಆಗುವ ಕೆಲಸಕ್ಕೆ ಉಳಿಸಿ.

ಪ್ರತಿ ಸಾಲಿಗೆ ನಿಮಿಷ, ನಡೆಸುವವರು, ಕೊನೆಗೆ ಕೈಗೆ ಸಿಗಬೇಕಾದದ್ದು ಬರೆಯಿರಿ. ತೀರ್ಮಾನ ಬೇಕಾದ ವಿಷಯವನ್ನು ಪ್ರಶ್ನೆಯಾಗಿಯೇ ಇಡಿ. "ಹಳೆಯ ಅಂಕಿಗಳ ಬಗ್ಗೆ ಚರ್ಚೆ" ಎನ್ನುವ ಬದಲು "ಹೊಸ ವ್ಯವಸ್ಥೆಗೆ ಉಳಿದ ರಜೆಯನ್ನಷ್ಟೇ ತರಬೇಕೇ, ಕಳೆದ ಒಂದು ವರ್ಷದ ಅರ್ಜಿಗಳನ್ನೂ ತರಬೇಕೇ?" ಎಂದು ಕೇಳಿದರೆ ಬರುವವರು ಉತ್ತರ ಯೋಚಿಸಿಕೊಂಡು ಬರುತ್ತಾರೆ. ಒಂದು ಗಂಟೆಯ ಮೀಟಿಂಗ್‌ನಲ್ಲಿ ಇಂಥ ಎರಡು ಪ್ರಶ್ನೆಗಿಂತ ಹೆಚ್ಚು ಇಡಬೇಡಿ. ಮೂರನೆಯದು ಕೊನೆಯ ಐದು ನಿಮಿಷಕ್ಕೆ ತಳ್ಳಲ್ಪಟ್ಟು, ಅರೆಮನಸ್ಸಿನ ತೀರ್ಮಾನವಾಗಿ, ಮುಂದಿನ ವಾರ ಮತ್ತೆ ತೆರೆದುಕೊಳ್ಳುತ್ತದೆ.

ಮೊದಲೇ ಓದಿಕೊಂಡು ಬರಬೇಕಾದ ದಾಖಲೆ ಒಂದೇ ಇರಲಿ, ಎರಡು ಪುಟ ಮೀರದಿರಲಿ. ಎಷ್ಟು ನಿಮಿಷದ ಓದು ಎಂದೂ ಬರೆಯಿರಿ.

ವಿಷಯದ ಸಾಲು, ವಿಳಾಸಗಳು, ಸಮಯ

ಫೋನಿನಲ್ಲಿ ವಿಷಯದ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಅದಕ್ಕೇ ಪ್ರಾಜೆಕ್ಟ್ ಹೆಸರು ಮೊದಲು, ಆಮೇಲೆ ಮೀಟಿಂಗ್‌ನ ದಿನ, ಕೊನೆಗೆ ಉತ್ತರದ ಗಡುವು. "ಹೊಸ ಪ್ರಾಜೆಕ್ಟ್ ಕುರಿತು" ಎಂಬ ಸಾಲು ಎರಡು ತಿಂಗಳ ನಂತರ ಹುಡುಕಿದರೂ ಸಿಗುವುದಿಲ್ಲ.

To ಜಾಗದಲ್ಲಿ ಹೊಣೆ ಇರುವವರು ಮಾತ್ರ. ಅವರ ಮೇಲಧಿಕಾರಿಗಳು, ತಿಳಿದರೆ ಸಾಕಾದವರು Cc ಜಾಗದಲ್ಲಿ. ಎಲ್ಲರನ್ನೂ To ಜಾಗಕ್ಕೆ ಹಾಕಿದರೆ ಉತ್ತರ ಯಾರು ಕೊಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಹೊರಗಿನ ತಂತ್ರಾಂಶ ಕಂಪನಿಯವರೂ ಪಟ್ಟಿಯಲ್ಲಿದ್ದರೆ, ಒಳಗಿನ ಕಡತಗಳ ಲಿಂಕ್ ಅವರಿಗೆ ತೆರೆಯುತ್ತದೆಯೇ, ತೆರೆಯಬೇಕೇ ಎಂದು ಯೋಚಿಸಿ.

ಮೀಟಿಂಗ್‌ಗೆ ನಾಲ್ಕು ಕೆಲಸದ ದಿನ ಮೊದಲು ಕಳಿಸುವುದು ಹದವಾದ ಅಂತರ. ಹಿಂದಿನ ಸಂಜೆ ಕಳಿಸಿದರೆ ಓದಲು ಹೊತ್ತಿಲ್ಲ. ಎರಡು ವಾರ ಮೊದಲು ಕಳಿಸಿದರೆ ಮರೆತುಹೋಗುತ್ತದೆ. ಕ್ಯಾಲೆಂಡರ್ ಆಹ್ವಾನವನ್ನು ಬೇರೆಯಾಗಿ, ಇದೇ ಹೊತ್ತಿಗೆ ಕಳಿಸಿ. ತಂಡದವರು ಬೇರೆ ಬೇರೆ ದೇಶದಲ್ಲಿದ್ದರೆ ಗಂಟೆಯ ಪಕ್ಕ ಯಾವ ದೇಶದ ಸಮಯ ಎಂದು ಬರೆಯಲೇಬೇಕು. ಆಹ್ವಾನದಲ್ಲಿ ಅದು ತಾನಾಗಿ ಹೊಂದಿಕೊಳ್ಳುತ್ತದೆ, ಇಮೇಲ್‌ನ ಒಳಗೆ ಹೊಂದಿಕೊಳ್ಳುವುದಿಲ್ಲ.

ಪೂರ್ತಿ ಇಮೇಲ್

ವಿಷಯ: ಆನ್‌ಲೈನ್ ರಜೆ ಪ್ರಾಜೆಕ್ಟ್ ಆರಂಭ – ಮೀಟಿಂಗ್ ಜೂನ್ 9, ಬೆಳಿಗ್ಗೆ 10:30 – ಉತ್ತರ ಜೂನ್ 5ರೊಳಗೆ

ಎಲ್ಲರಿಗೂ ನಮಸ್ಕಾರ,

ರಜೆ ಅರ್ಜಿಗಳನ್ನು ಕಾಗದದ ಫಾರಂನಿಂದ ಆನ್‌ಲೈನ್ ವ್ಯವಸ್ಥೆಗೆ ತರುವ ಕೆಲಸ ಶುರುವಾಗುತ್ತಿದೆ. ಸೆಪ್ಟೆಂಬರ್ 1ರಿಂದ 240 ಮಂದಿಯೂ ಅದನ್ನೇ ಬಳಸಲಿದ್ದಾರೆ. ನಿಮ್ಮಿಂದ ಈಗ ಬೇಕಾದದ್ದು ಎರಡು: ಕೆಳಗೆ ನಿಮ್ಮ ಹೆಸರಿನ ಎದುರಿನ ಸಾಲು ಸರಿಯಿದೆಯೇ ಎಂದು ಜೂನ್ 5, ಶುಕ್ರವಾರದೊಳಗೆ ನನಗೊಬ್ಬರಿಗೇ ಉತ್ತರಿಸಿ, ಜೂನ್ 9, ಮಂಗಳವಾರ ಬೆಳಿಗ್ಗೆ 10:30ರ ಮೀಟಿಂಗ್‌ಗೆ ಬನ್ನಿ.

ಗುರಿ
1. ಸೆಪ್ಟೆಂಬರ್, ಅಕ್ಟೋಬರ್‌ನ ಅರ್ಜಿಗಳಲ್ಲಿ 10ರಲ್ಲಿ 9ಕ್ಕೆ 2 ಕೆಲಸದ ದಿನದೊಳಗೆ ಉತ್ತರ (ಈಗ 10ಕ್ಕೆ 4).
2. ರಜೆ ಲೆಕ್ಕದ ಕಾರಣಕ್ಕೆ ಸಂಬಳದ ತಿದ್ದುಪಡಿ ತಿಂಗಳಿಗೆ 3 ಅಥವಾ ಕಡಿಮೆ (ಈಗ 14).
ಈ ಪ್ರಾಜೆಕ್ಟ್‌ನಲ್ಲಿ ಇಲ್ಲದ್ದು: ರಜೆ ನಿಯಮಗಳ ಬದಲಾವಣೆ, ಹಾಜರಾತಿ ಯಂತ್ರ, ಸಂಬಳದ ತಂತ್ರಾಂಶ.

ಹೊಣೆ
ಸಿಬ್ಬಂದಿ ವಿಭಾಗದ ಮುಖ್ಯಸ್ಥರು: ಪ್ರಾಯೋಜಕರು. ಒಮ್ಮತವಾಗದ ವಿಷಯದಲ್ಲಿ ಕೊನೆಯ ಮಾತು ಇವರದು.
ಪ್ರಾಜೆಕ್ಟ್ ಮ್ಯಾನೇಜರ್ (ನಾನು): ಯೋಜನೆ, ವಾರದ ವರದಿ, ಉಳಿಕೆ ದಿನಗಳ ಬಳಕೆ ತೀರ್ಮಾನಿಸುವುದು.
ಸಿಬ್ಬಂದಿ ಅಧಿಕಾರಿ: ರಜೆ ನಿಯಮಗಳ ಪಟ್ಟಿ, ಉಳಿದ ರಜೆಯ ಶುದ್ಧ ಅಂಕಿ. ಜೂನ್ 22ರಿಂದ ದಿನಕ್ಕೆ 4 ಗಂಟೆ.
ಲೆಕ್ಕಪತ್ರ ಅಧಿಕಾರಿ: ಆ ಅಂಕಿಗಳಿಗೆ ಒಪ್ಪಿಗೆ. ಇವರು ಒಪ್ಪದ ಅಂಕಿ ವ್ಯವಸ್ಥೆಗೆ ಹೋಗುವುದಿಲ್ಲ.
ಐಟಿ ಇಂಜಿನಿಯರ್: ವ್ಯವಸ್ಥೆಯ ಜೋಡಣೆ, ಅಂಕಿ ತುಂಬುವುದು, ಯಾರಿಗೆ ಯಾವ ಪ್ರವೇಶ ಎಂಬ ತೀರ್ಮಾನ.
ಪ್ರಯೋಗದ ವಿಭಾಗದ ಮುಖ್ಯಸ್ಥರು (ಜೂನ್ 9ರಂದು ನಿರ್ಧಾರ): ಪ್ರಯೋಗ ನಡೆಸುವುದು, ದೋಷಗಳನ್ನು ಅದೇ ದಿನ ತಿಳಿಸುವುದು.

ಮೈಲಿಗಲ್ಲು
ಜೂನ್ 19: ರಜೆ ನಿಯಮಗಳ ಪಟ್ಟಿಗೆ ಪ್ರಾಯೋಜಕರ ಒಪ್ಪಿಗೆ.
ಜುಲೈ 10: 240 ಮಂದಿಯ ಉಳಿದ ರಜೆಗೆ ಲೆಕ್ಕಪತ್ರ ಅಧಿಕಾರಿಯ ಒಪ್ಪಿಗೆ.
ಜುಲೈ 27: ಅಂಕಿ ತುಂಬಿ, ಒಂದು ವಿಭಾಗದಲ್ಲಿ ಪ್ರಯೋಗ ಶುರು (ಇದಕ್ಕೂ ಮೊದಲು 5 ದಿನ ಉಳಿಕೆ ಇದೆ).
ಆಗಸ್ಟ್ 7: ಪ್ರಯೋಗ ಮುಕ್ತಾಯ. ನಿಜವಾದ ಅರ್ಜಿಗಳ ಜೊತೆ ತಿರಸ್ಕಾರ, ರದ್ದು, ಅರ್ಧ ದಿನ ಸೇರಿ 6 ಪರೀಕ್ಷಾ ಅರ್ಜಿ ಪೂರ್ಣ.
ಆಗಸ್ಟ್ 14: ಶುರು ಮಾಡಬಹುದೇ ಎಂಬ ತೀರ್ಮಾನ.
ಸೆಪ್ಟೆಂಬರ್ 1: ಎಲ್ಲರಿಗೂ ಆರಂಭ. ಗುರಿ ಮುಟ್ಟಿತೇ ಎಂಬ ವರದಿ ನವೆಂಬರ್ 6ಕ್ಕೆ.

ಜೂನ್ 9ರ ಮೀಟಿಂಗ್, 10:30ರಿಂದ 11:30
10:30 (5 ನಿಮಿಷ) ಈ ಕೆಲಸ ಈಗ ಏಕೆ – ಪ್ರಾಯೋಜಕರು.
10:35 (15 ನಿಮಿಷ) ಒಂದು ಅರ್ಜಿ ಇಂದು ಸಾಗುವ ದಾರಿ, ಅದು ನಿಲ್ಲುವ ಜಾಗಗಳು – ಸಿಬ್ಬಂದಿ ಅಧಿಕಾರಿ.
10:50 (20 ನಿಮಿಷ) ಎರಡು ತೀರ್ಮಾನ: ಉಳಿದ ರಜೆ ಮಾತ್ರ ತರಬೇಕೇ, ಹಳೆಯ ಅರ್ಜಿಗಳನ್ನೂ ತರಬೇಕೇ? ಪ್ರಯೋಗ ಯಾವ ವಿಭಾಗದಲ್ಲಿ?
11:10 (10 ನಿಮಿಷ) ಯಾವ ದಿನಾಂಕ ತಪ್ಪಬಹುದು, ಏಕೆ – ಒಬ್ಬೊಬ್ಬರಿಂದ ಒಂದು.
11:20 (10 ನಿಮಿಷ) ಜೂನ್ 19ರವರೆಗಿನ ಕೆಲಸ, ಹೆಸರು, ದಿನಾಂಕ – ನಾನು.
ಮೊದಲೇ ಓದಿ ಬರಬೇಕಾದದ್ದು: ಈಗಿನ ಅರ್ಜಿ ಸಾಗುವ ದಾರಿಯ ಚಿತ್ರ, 2 ಪುಟ, 5 ನಿಮಿಷದ ಓದು (ಲಿಂಕ್).

ವಂದನೆಗಳು,
(ಹೆಸರು, ಹುದ್ದೆ, ಫೋನ್)

ಕಳಿಸುವ ಮುನ್ನ, ಕಳಿಸಿದ ನಂತರ

ಮೊದಲು ನಿಮ್ಮದೇ ಬೇರೊಂದು ವಿಳಾಸಕ್ಕೆ ಕಳಿಸಿ, ಫೋನಿನಲ್ಲಿ ತೆರೆದು ನೋಡಿ. ಲಿಂಕ್ ತೆರೆಯುತ್ತದೆಯೇ, ಅಥವಾ ಅನುಮತಿ ಕೇಳುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ಎಕ್ಸೆಲ್ ಅಥವಾ ವರ್ಡ್‌ನಿಂದ ಪಟ್ಟಿಯನ್ನು ನೇರವಾಗಿ ಅಂಟಿಸಿದಾಗ ಕಣ್ಣಿಗೆ ಕಾಣದ ವಿನ್ಯಾಸದ ಕೋಡ್ ಕೂಡ ಜೊತೆಗೆ ಬರುತ್ತದೆ. ಜಿಮೇಲ್ ಸುಮಾರು 102 ಕೆಬಿ ಮೀರಿದ ಇಮೇಲನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಒಂದು ಲಿಂಕ್‌ನ ಹಿಂದೆ ಇಡುತ್ತದೆ. ಅಜೆಂಡಾ ಕೊನೆಯಲ್ಲಿರುವುದರಿಂದ ಮರೆಯಾಗುವುದು ಅದೇ. ಸರಳ ಸಾಲುಗಳಲ್ಲಿ ಬರೆದರೆ ಈ ತೊಂದರೆಯಿಲ್ಲ. ದಿನಾಂಕ ಮತ್ತು ವಾರ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ಮುಂದಿಟ್ಟು ನೋಡಿ. "ಜೂನ್ 9, ಬುಧವಾರ" ಎಂದು ಬಿದ್ದರೆ ಅರ್ಧ ಜನ ಒಂದು ದಿನ, ಅರ್ಧ ಜನ ಮತ್ತೊಂದು ದಿನ ಬರುತ್ತಾರೆ.

ಉತ್ತರವನ್ನು ನಿಮಗೊಬ್ಬರಿಗೇ ಕೇಳಿರುವುದಕ್ಕೂ ಕಾರಣವಿದೆ. ಎಲ್ಲರೆದುರು "ಸರಿಯಿದೆ" ಎನ್ನುವುದು ಸುಲಭ, "ನನ್ನಿಂದ ಈ ದಿನಕ್ಕೆ ಆಗದು" ಎನ್ನುವುದು ಕಷ್ಟ. ಜೂನ್ 5ರ ಸಂಜೆ ಉತ್ತರ ಬಾರದವರಿಗೆ ಇನ್ನೊಂದು ಇಮೇಲ್ ಹಾಕಬೇಡಿ, ಫೋನ್ ಮಾಡಿ. ಮೌನವನ್ನು ಒಪ್ಪಿಗೆ ಎಂದು ಎಣಿಸಿದರೆ ಅದು ತಪ್ಪು ಎಂದು ಗೊತ್ತಾಗುವುದು ಕೆಲಸ ಬಾಕಿಯಾದ ಮೇಲೆ.

ಉತ್ತರಗಳಲ್ಲಿ ಬಂದ ತಿದ್ದುಪಡಿಗಳಿಗಾಗಿ ಇಡೀ ಇಮೇಲನ್ನು ಮತ್ತೆ ಕಳಿಸಬಾರದು. ಎರಡು ಪ್ರತಿ ಓಡಾಡತೊಡಗಿದರೆ ಯಾವುದು ಸರಿ ಎಂಬುದೇ ಪ್ರಶ್ನೆಯಾಗುತ್ತದೆ. ಗುರಿ, ಹೊಣೆ, ಮೈಲಿಗಲ್ಲುಗಳನ್ನು ಒಂದು ಹಂಚಿಕೊಂಡ ದಾಖಲೆಯಲ್ಲಿ ಇಟ್ಟು, ತಿದ್ದುವುದು ಅಲ್ಲಿ ಮಾತ್ರ. ಮೀಟಿಂಗ್ ಮುಗಿದ ದಿನವೇ ಅದೇ ಇಮೇಲ್‌ನ ಸರಣಿಯಲ್ಲಿ ಒಂದು ಚಿಕ್ಕ ಉತ್ತರ ಹೋಗಲಿ: ಆದ ಎರಡು ತೀರ್ಮಾನ, ಬದಲಾದ ಸಾಲು ಯಾವುದು, ಆ ದಾಖಲೆಯ ಲಿಂಕ್, ಜೂನ್ 19ರವರೆಗೆ ಯಾರು ಏನು ಮಾಡಬೇಕು. ತಡವಾಗಿ ತಂಡ ಸೇರುವವರಿಗೆ ಈ ಸರಣಿಯನ್ನು ಮುಂದಕ್ಕೆ ಕಳಿಸುವ ಮೊದಲು, ಅವರ ಜೊತೆಗೂ ಅದೇ ಹತ್ತು ನಿಮಿಷದ ಮಾತು ಆಗಿರಬೇಕು.